ಮೊಬೈಲ್‌ನಲ್ಲಿ ಶಾಲೆ ಆವರಣ ಅಳೆದೆ, ಮೂರು ಉತ್ತರ ಬಂತು. ಯಾವುದನ್ನು ನಂಬಲಿ?

ಚಾಕ್‌ಪೀಸ್
ಎಲ್ಲರಿಗೂ ನಮಸ್ಕಾರ. ನಾನು ಗಣಿತ ಟೀಚರ್, ನಕ್ಷೆ ಸಾಫ್ಟ್‌ವೇರ್ ಮುಟ್ಟಿ ಒಂದು ವಾರ ಆಯ್ತು ಅಷ್ಟೆ. ಎಂಟನೇ ಕ್ಲಾಸಿನ ಮಕ್ಕಳ ಜೊತೆ ಶಾಲೆಯ ಆವರಣದ ವಿಸ್ತೀರ್ಣ ಕಂಡುಹಿಡಿಯೋಣ ಅಂತ ಹೊರಟೆ. ಮಾಡಿದ್ದು ಇಷ್ಟು: ಮೊಬೈಲ್‌ಗೆ ಜಿಪಿಎಸ್‌ಲಾಗರ್ ಹಾಕಿಕೊಂಡೆ, ಸೆಕೆಂಡಿಗೆ ಒಂದು ಪಾಯಿಂಟ್ ದಾಖಲಾಗುವ ಹಾಗೆ ಇಟ್ಟೆ, ಕಾಂಪೌಂಡ್ ಪಕ್ಕದಲ್ಲೇ ಒಂದು ಸುತ್ತು ನಡೆದೆ. ಬಂದ ಜಿಪಿಎಕ್ಸ್ ಫೈಲನ್ನು ಲ್ಯಾಪ್‌ಟಾಪಿನಲ್ಲಿ ಕ್ಯೂಜಿಐಎಸ್ ಒಳಗೆ ಎಳೆದು ಹಾಕಿದೆ, `track_points` ಆರಿಸಿದೆ, `Points to path` ಕೊಟ್ಟು ಗೆರೆ ಮಾಡಿದೆ, ಆಮೇಲೆ `Lines to polygons`. ಆಕಾರ ಚೆನ್ನಾಗಿಯೇ ಬಂತು, ನಾಲ್ಕು ಮೂಲೆ, ಹೆಚ್ಚೂಕಮ್ಮಿ ಆಯತ.

ತಲೆನೋವು ಶುರುವಾಗಿದ್ದು ಲೆಕ್ಕದಲ್ಲಿ. ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ಇದನ್ನು ಕೊಟ್ಟೆ:

```
area($geometry)
```

ಉತ್ತರ 0.000! ನಮ್ಮ ಶಾಲೆಗೆ ಜಾಗವೇ ಇಲ್ಲವಂತೆ. ಒಬ್ಬ ಪರಿಚಯದವರು ಲೇಯರನ್ನು `EPSG:3857`ಗೆ ಸೇವ್ ಮಾಡಿ ಮತ್ತೆ ಕೊಡಿ ಅಂದರು, ಆಗ 9,886 ಬಂತು. ಎಲ್ಲೋ ಓದಿ `$area` ಅಂತ ಕೊಟ್ಟರೆ 9,329. ಅದೇ ಆಕಾರ, ಮೂರು ಉತ್ತರ. ಶಾಲೆಯ ಹಳೇ ಕಾಗದದಲ್ಲಿ 2.45 ಎಕರೆ ಅಂತಿದೆ, ಗುಣಿಸಿದರೆ ಸುಮಾರು 9,915 ಚದರ ಮೀಟರ್. ಹಾಗಾಗಿ 9,886 ಸರಿ ಅಂದುಕೊಂಡಿದ್ದೇನೆ. ಮಕ್ಕಳಿಗೆ ಹೇಳೋ ಮುಂಚೆ ಒಮ್ಮೆ ಕೇಳೋಣ ಅನ್ನಿಸಿತು.

ನೀಲಿಚುಕ್ಕೆ
ಇದು ಸುಲಭ. ಕ್ಯೂಜಿಐಎಸ್ ಕೆಳಗೆ ಬಲಮೂಲೆಯಲ್ಲಿ `EPSG:4326` ಅಂತ ಕಾಣುತ್ತಲ್ಲ, ಅದನ್ನು ಒತ್ತಿ ನಿಮ್ಮ ಯುಟಿಎಂ ವಲಯ ಆರಿಸಿ. ಡಿಗ್ರಿಯಿಂದ ಮೀಟರಿಗೆ ಬರುತ್ತೆ. ಎಲ್ಲ ಸರಿ ಹೋಗುತ್ತೆ.

ಚಾಕ್‌ಪೀಸ್
ಮಾಡಿದೆ ಸರ್. ಇನ್ನೂ 0.000 ಅಂತಲೇ ಬರ್ತಿದೆ. ಆಮೇಲೆ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ `Set Layer CRS` ಕೊಟ್ಟು ಅಲ್ಲೂ ಯುಟಿಎಂ ಆರಿಸಿದೆ. ಈಗ ಶಾಲೆ ನಕ್ಷೆಯಿಂದಲೇ ಮಾಯ. `Zoom to Layer` ಕೊಟ್ಟರೆ ಸಮುದ್ರದ ಮಧ್ಯೆ ಹೋಗಿ ನಿಲ್ಲುತ್ತೆ.

ಅಳತೆಗೋಲು
ಸಮುದ್ರಕ್ಕೆ ಹೋಗಿದ್ದರಲ್ಲಿ ಆಶ್ಚರ್ಯ ಇಲ್ಲ ಮೇಡಂ, ಎಲ್ಲರೂ ಒಮ್ಮೆ ಹೋಗಿ ಬಂದವರೇ.

ನೀಲಿಚುಕ್ಕೆ ಅವರು ಹೇಳಿದ್ದು ಅರ್ಧ ಸರಿ. ಮೂಲೆಯಲ್ಲಿ ಬದಲಾಯಿಸಿದರೆ ಪ್ರಾಜೆಕ್ಟ್ ತೋರಿಸುವ ರೀತಿ ಬದಲಾಗುತ್ತೆ ಅಷ್ಟೆ, ಲೇಯರಿನ ಒಳಗಿರುವ ಅಂಕಿಗಳು ಡಿಗ್ರಿಯಲ್ಲೇ ಇರುತ್ತವೆ. `area($geometry)` ಆ ಒಳಗಿನ ಅಂಕಿಗಳನ್ನೇ ಗುಣಿಸುತ್ತೆ. ನಿಮ್ಮ ಶಾಲೆ ಚದರ ಡಿಗ್ರಿ ಲೆಕ್ಕದಲ್ಲಿ ಸುಮಾರು 0.0000008. ಕಾಲಂಗೆ ಮೂರು ದಶಮಾಂಶ ಸ್ಥಾನ ಕೊಟ್ಟಿದ್ದೀರಿ, ಹಾಗಾಗಿ ಸೊನ್ನೆ ಕಾಣಿಸಿತು.

`Set Layer CRS` ಅಂಕಿಯನ್ನು ಬದಲಾಯಿಸಲ್ಲ, ಬರೀ ಹಣೆಪಟ್ಟಿ ಬದಲಾಯಿಸುತ್ತೆ. 76 ಡಿಗ್ರಿ, 13 ಡಿಗ್ರಿ ಅಂತ ಇದ್ದದ್ದನ್ನು 76 ಮೀಟರ್, 13 ಮೀಟರ್ ಅಂತ ಓದಿಕೊಳ್ತು. ಆ ಜಾಗ ನೀರಲ್ಲಿದೆ. ಅದನ್ನು ವಾಪಸ್ `EPSG:4326` ಮಾಡಿ. ನಿಜವಾಗಿ ಬದಲಾಯಿಸಬೇಕಾದರೆ ಲೇಯರ್ ಮೇಲೆ ರೈಟ್ ಕ್ಲಿಕ್, `Export`, `Save Features As`, ಅಲ್ಲಿ ಹೊಸ ಸಿಆರ್‌ಎಸ್, ಅಂದರೆ ನಿರ್ದೇಶಾಂಕ ಪದ್ಧತಿ, ಆರಿಸಿ ಹೊಸ ಫೈಲ್ ಮಾಡಿ. ಇಲ್ಲವೇ ಒಂದೇ ಸಾಲಿನಲ್ಲಿ:

```
area(transform($geometry, 'EPSG:4326', 'EPSG:32643'))
```

32643 ಎಲ್ಲಿಂದ ಬಂತು ಅಂದರೆ, ನಿಮ್ಮ ರೇಖಾಂಶಕ್ಕೆ 180 ಕೂಡಿಸಿ 6ರಿಂದ ಭಾಗಿಸಿ, ದಶಮಾಂಶ ಬಿಟ್ಟು 1 ಸೇರಿಸಿ. 76ಕ್ಕೆ 43 ಬರುತ್ತೆ. ಉತ್ತರ ಗೋಳಕ್ಕೆ ಅದರ ಹಿಂದೆ 326, ದಕ್ಷಿಣಕ್ಕೆ 327. ಬೇರೆ ಕಡೆಯವರು ತಮ್ಮ ರೇಖಾಂಶ ಹಾಕಿ ನೋಡಿಕೊಳ್ಳಿ, ಸುಮ್ನೆ ಇದನ್ನೇ ಕಾಪಿ ಹೊಡೀಬೇಡಿ.

ಚಾಕ್‌ಪೀಸ್
ಶಾಲೆ ದಡ ಸೇರಿತು. ಈ ಸಾಲು ಕೊಟ್ಟರೆ 9,324. `$area` ಕೊಟ್ಟರೆ 9,329. ಅಂದರೆ 9,886 ತಪ್ಪಾ? ಆದರೆ ಕಾಗದಕ್ಕೆ ಹತ್ತಿರ ಇರೋದು ಅದೇ ಅಲ್ವಾ?

ಕೆಂಚ
ಇಷ್ಟೆಲ್ಲ ಯಾಕೆ ಒದ್ದಾಟ. ಗೂಗಲ್ ಅರ್ಥ್ ಪ್ರೋ ತೆಗೀರಿ, ಸುತ್ತ ಗೆರೆ ಎಳೀರಿ, ಎರಡು ನಿಮಿಷದ ಕೆಲಸ. ಬಿಸಿಲಲ್ಲಿ ನಡೆಯೋದೂ ಬೇಡ.

ಅಳತೆಗೋಲು
ಕೆಂಚ ಅವರ ದಾರಿ ಕೆಟ್ಟದ್ದೇನಲ್ಲ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು 9,886.

`EPSG:3857` ಅನ್ನೋದು ವೆಬ್ ನಕ್ಷೆಗಳಿಗೆ ಮಾಡಿದ್ದು. ಅದರಲ್ಲಿ ಸಮಭಾಜಕದಿಂದ ದೂರ ಹೋದಷ್ಟೂ ಜಾಗ ಊದಿಕೊಳ್ಳುತ್ತೆ. 60 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣ ನಾಲ್ಕು ಪಟ್ಟು, 45ರಲ್ಲಿ ಎರಡು ಪಟ್ಟು. ನಿಮ್ಮ 13 ಡಿಗ್ರಿಯಲ್ಲಿ ಸುಮಾರು ಶೇ. 6 ಜಾಸ್ತಿ. 9,329ಕ್ಕೆ ಶೇ. 6 ಸೇರಿಸಿ ನೋಡಿ, ನಿಮ್ಮ 9,886 ಬರುತ್ತೆ. ಯುಟಿಎಂಗೂ `$area`ಗೂ ಇರುವ ಐದು ಚದರ ಮೀಟರ್ ವ್ಯತ್ಯಾಸ ಬೇರೆ ಥರದ್ದು. ಯುಟಿಎಂ ಸಮತಟ್ಟಾದ ಹಾಳೆ, `$area` ಭೂಮಿಯ ಉಬ್ಬನ್ನು ಲೆಕ್ಕಕ್ಕೆ ತಗೊಳ್ಳುತ್ತೆ. ಆದರೆ ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ `Ellipsoid` ಜಾಗದಲ್ಲಿ `None` ಇರಬಾರದು. ಶಾಲೆಯಷ್ಟು ಜಾಗಕ್ಕೆ ಆ ಐದು ಚದರ ಮೀಟರ್ ತಲೆಗೆ ಹಚ್ಚಿಕೊಳ್ಳಬೇಡಿ.

ಈಗ ನನ್ನ ಪ್ರಶ್ನೆ. ನೀವು ನಡೆದಾಗ ಗೋಡೆಯಿಂದ ಎಷ್ಟು ದೂರ ಇದ್ರಿ?

ಚಾಕ್‌ಪೀಸ್
ಒಳಗಡೆಯಿಂದ ನಡೆದೆ. ಗೋಡೆ ಪಕ್ಕ ಸಾಲಾಗಿ ಗಿಡ ಇದೆ, ಹಾಗಾಗಿ ಒಂದೂವರೆ ಮೀಟರ್ ಬಿಟ್ಟು.

ಅಳತೆಗೋಲು
ಅಲ್ಲೇ ಇದೆ ನಿಮ್ಮ ಕಳೆದುಹೋದ ಜಾಗ. ನಿಮ್ಮ ಆವರಣದ ಸುತ್ತಳತೆ 400 ಮೀಟರ್ ಆಸುಪಾಸು. ಅದಕ್ಕೆ 1.5 ಗುಣಿಸಿದರೆ 600 ಚದರ ಮೀಟರ್. ಗಿಡದ ಸಾಲು ತಿಂದದ್ದು ಶೇ. 6, ತಪ್ಪು ಸಿಆರ್‌ಎಸ್ ಸೇರಿಸಿದ್ದೂ ಶೇ. 6. ಎರಡು ತಪ್ಪು ಒಂದನ್ನೊಂದು ಮುಚ್ಚಿಹಾಕಿದವು, ಉತ್ತರ ಕಾಗದಕ್ಕೆ ಹತ್ತಿರ ಬಂದು ಕೂತಿತು. ಇನ್ನೊಂದು ಶಾಲೆಯವರು ಕಾಂಪೌಂಡ್ ಹೊರಗಿನಿಂದ ನಡೆದು ಇದನ್ನೇ ಮಾಡಿದ್ದರೆ ಶೇ. 12 ಜಾಸ್ತಿ ಬರುತ್ತಿತ್ತು.

ಬೇಕಾದರೆ ಯುಟಿಎಂ ಲೇಯರಿಗೆ `Buffer` ಕೊಡಿ, ದೂರ 1.5, `Join style` ಜಾಗದಲ್ಲಿ `Miter`. ಅದು `Round` ಇದ್ದರೆ ಮೂಲೆಗಳು ಬಳೆಯ ಹಾಗೆ ಉರುಟಾಗುತ್ತವೆ. 9,900 ಚಿಲ್ಲರೆ ಬರಬೇಕು.

ಎರಡುಹೆಜ್ಜೆ
ನಂದೂ ಒಂದು ಕೇಸ್ ಇದೆ. ನಮ್ಮ ಶಾಲೆ ಆಟದ ಮೈದಾನದ ಒಂದು ಬದಿ ಬಿಲ್ಲಿನ ಹಾಗೆ ಬಾಗಿದೆ. ಇದೇ ಆ್ಯಪ್ ಹಾಕಿ ನಡೆದರೆ ಆ ಬಾಗು ನೇರ ಗೆರೆ ಆಗಿಬಿಟ್ಟಿತು, ಮೂಲೆಗಳೂ ಕತ್ತರಿಸಿದ ಹಾಗೆ. ಮೊಬೈಲ್ ಹಾಳಾಗಿದೆ ಅಂತ ಇನ್ನೊಂದು ಮೊಬೈಲ್‌ನಲ್ಲೂ ನೋಡಿದೆ, ಅದರಲ್ಲೂ ಹಾಗೇ.

ನೀಲಿಚುಕ್ಕೆ
ಲಾಗಿಂಗ್ ಇಂಟರ್ವಲ್ ನೋಡಿ. 60 ಸೆಕೆಂಡ್ ಇದ್ದರೆ ಎರಡು ಪಾಯಿಂಟ್ ನಡುವೆ ನೀವು 70 ಮೀಟರ್ ನಡೆದಿರ್ತೀರಿ. 1 ಸೆಕೆಂಡ್ ಮಾಡಿ. ಮತ್ತೆ ಪಾಯಿಂಟ್ ಜಾಸ್ತಿ ಇದ್ದಷ್ಟೂ ಅಳತೆ ನಿಖರ, ಮೂರು ಸುತ್ತು ಹೊಡೆದರೆ ಇನ್ನೂ ನಿಖರ.

ಎರಡುಹೆಜ್ಜೆ
60 ಅಂತಲೇ ಇತ್ತು! ಥ್ಯಾಂಕ್ಸ್. ಎರಡನೇ ಮೊಬೈಲ್ ಬಡಪಾಯಿ, ಸುಮ್ನೆ ಬೈಸಿಕೊಂಡಿತು.

ಅಳತೆಗೋಲು
ಇಂಟರ್ವಲ್ ಮಾತು ಸರಿ. "ಪಾಯಿಂಟ್ ಜಾಸ್ತಿ ಆದಷ್ಟೂ ನಿಖರ" ಅನ್ನೋದಕ್ಕೆ ನನ್ನ ತಕರಾರು ಇದೆ. ಮೊಬೈಲ್ ಜಿಪಿಎಸ್ ಬಯಲಲ್ಲಿ ಸುಮಾರು 5 ಮೀಟರ್ ಒಳಗೆ ಹೇಳುತ್ತೆ. ಆದರೆ ಆ ತಪ್ಪು ಪ್ರತಿ ಸೆಕೆಂಡಿಗೂ ಹೊಸದಾಗಿ ಹುಟ್ಟೋದಲ್ಲ. ಈಗ ಮೂರು ಮೀಟರ್ ಪೂರ್ವಕ್ಕೆ ಎಳೆದಿದ್ದರೆ ಮುಂದಿನ ಕೆಲವು ನಿಮಿಷ ಹೆಚ್ಚೂಕಮ್ಮಿ ಅತ್ತಲೇ ಎಳೀತಿರುತ್ತೆ. ಒಂದೇ ಕಡೆ ನಿಂತು ನೂರು ಪಾಯಿಂಟ್ ತಗೊಂಡರೂ ನೂರೂ ಒಂದೇ ಸುಳ್ಳನ್ನು ಹೇಳಬಹುದು.

ನಮಗೆ ಇದರಲ್ಲಿ ಒಂದು ಅದೃಷ್ಟ ಇದೆ. ಸುತ್ತು ಹೊಡೆಯುವಾಗ ಪೂರ್ತಿ ಹೊತ್ತು ತಪ್ಪು ಒಂದೇ ದಿಕ್ಕಿಗೆ ಇದ್ದರೆ ಇಡೀ ಆಕಾರ ಪಕ್ಕಕ್ಕೆ ಸರಿಯುತ್ತೆ ಅಷ್ಟೆ, ವಿಸ್ತೀರ್ಣ ಬದಲಾಗಲ್ಲ. ಉಪಗ್ರಹ ಚಿತ್ರ ನಾಲ್ಕು ಮೀಟರ್ ಸರಿದಿದ್ದರೂ ಹಾಗೇ, ಅದರ ಮೇಲೆ ಎಳೆದ ಗೆರೆಯ ವಿಸ್ತೀರ್ಣಕ್ಕೆ ಏನೂ ಆಗಲ್ಲ. ಕೆಡಿಸೋದು ಒಂದು ಮೂಲೆ ಮಾತ್ರ ಬೇರೆ ದಿಕ್ಕಿಗೆ ಎಳೆದಾಗ. ಕಟ್ಟಡದ ಪಕ್ಕ, ದೊಡ್ಡ ಮರದ ಕೆಳಗೆ ಆಗೋದು ಇದೇ.

ಹೊಸಮನೆ
ನಾನೂ ಮೊನ್ನೆ ಇದೇ ಪ್ರಯತ್ನ ಮಾಡಿದೆ, ನಮ್ಮ ಲ್ಯಾಬ್ ಕೊಠಡಿ ಎಷ್ಟು ಚದರ ಅಡಿ ಅಂತ ನೋಡೋಕೆ. ನಾಲ್ಕು ಮೂಲೆಯಲ್ಲೂ ನಿಂತು ಪಾಯಿಂಟ್ ತಗೊಂಡೆ, ಪಾಲಿಗನ್ ಪೂರ್ತಿ ಕಟ್ಟಡದ ಹೊರಗೆ ಬಂತು. ಯಾವ ಸಿಆರ್‌ಎಸ್ ಹಾಕಬೇಕು?

ಕೆಂಚ
ಟೇಪು ಹಾಕಬೇಕು 🙂

ಅಳತೆಗೋಲು
ಹೌದು, ಛಾವಣಿ ಕೆಳಗೆ ಜಿಪಿಎಸ್ ಇಲ್ಲ ಅಂತಲೇ ತಿಳ್ಕೊಳ್ಳಿ. ಕೊಠಡಿ ಹತ್ತು ಮೀಟರ್, ತಪ್ಪೂ ಹತ್ತು ಮೀಟರ್.

ಚಾಕ್‌ಪೀಸ್
ಬಫರ್ ಕೊಟ್ಟೆ, 9,930 ಬಂತು. ಆದರೆ ಎಲ್ಲ ಕಡೆ ಸರಿಯಾಗಿ ಒಂದೂವರೆ ಮೀಟರ್ ಇತ್ತು ಅಂತ ಎದೆ ತಟ್ಟಿ ಹೇಳಲಾರೆ, ಒಂದು ಬದಿಯಲ್ಲಿ ಗಿಡವೇ ಇಲ್ಲ. ಹಾಗಾಗಿ ಬೇರೆ ಥರ ಮಾಡಿದೆ. ನಾಲ್ಕು ಮೂಲೆಯಲ್ಲೂ ಗೋಡೆಗೆ ತಾಗಿ ನಿಂತು ತಲಾ ಎರಡು ನಿಮಿಷ ಲಾಗ್ ಮಾಡಿದೆ, ಮೂಲೆಗೊಂದು ಫೈಲ್. `Mean coordinate(s)` ಕೊಟ್ಟು ಪ್ರತಿ ಮೂಲೆಗೂ ಒಂದು ಸರಾಸರಿ ಪಾಯಿಂಟ್ ಮಾಡಿದೆ. ಜೊತೆಗೆ ಮಕ್ಕಳ ಕೈಯಲ್ಲಿ 30 ಮೀಟರ್ ಟೇಪು ಕೊಟ್ಟು ನಾಲ್ಕು ಬದಿಯನ್ನೂ ಅಳೆಸಿದೆ. ಎ ಇಂದ ಬಿ 121.5, ಬಿ ಇಂದ ಸಿ 82.4, ಸಿ ಇಂದ ಡಿ 122.6, ಡಿ ಇಂದ ಎ 80.3. ಮೊಬೈಲ್ ಪಾಯಿಂಟ್‌ಗಳ ನಡುವೆ ಅಳೆದರೆ ಮೂರು ಬದಿ ಎರಡು ಮೀಟರ್ ಒಳಗೆ ಹೊಂದುತ್ತೆ, ಬಿ-ಸಿ ಮಾತ್ರ 88.1! ಸಿ ಮೂಲೆ ಪಕ್ಕ ಎರಡು ಅಂತಸ್ತಿನ ಕಟ್ಟಡ ಇದೆ.

ನೀಲಿಚುಕ್ಕೆ
ಹೊಸ ಮೊಬೈಲ್‌ಗಳಲ್ಲಿ ಎಲ್1 ಜೊತೆ ಎಲ್5 ಸಿಗ್ನಲ್ ಕೂಡ ಹಿಡಿಯುತ್ತೆ. ಅದಿದ್ದರೆ ಕಟ್ಟಡದ ಪಕ್ಕ ಇಷ್ಟು ಹಾರಲ್ಲ. ನನ್ನದರಲ್ಲಿ ಅನುಭವ ಆಗಿದೆ.

ಅಳತೆಗೋಲು
ಗೋಡೆಗೆ ಬಡಿದು ಬರುವ ಸಿಗ್ನಲನ್ನು ಅದು ಚೆನ್ನಾಗಿ ಗುರುತಿಸುತ್ತೆ, ನಿಜ. ಆದರೆ ಕಟ್ಟಡ ಅರ್ಧ ಆಕಾಶವನ್ನೇ ಮುಚ್ಚಿದ್ದರೆ ಎಲ್5 ಏನು ಮಾಡೀತು? ನಾನಂತೂ ಮೂಲೆಗೆ ನಂಬಲ್ಲ.

ನೀಲಿಚುಕ್ಕೆ
ನೀವು ನಂಬದಿದ್ದರೆ ಬಿಡಿ, ನನ್ನದು ಕೆಲಸ ಮಾಡುತ್ತೆ.

ಅಳತೆಗೋಲು
ಆಗಲಿ. ಮೇಡಂ, ನೀವು ಟೇಪು ಹಿಡಿದದ್ದೇ ಒಳ್ಳೆಯದಾಯ್ತು. ಈಗ ಕೆಲಸ ಹಂಚಿಬಿಡಿ. ಉದ್ದ ಹೇಳೋ ಕೆಲಸ ಟೇಪಿಗೆ, ಆಕಾರ ಹೇಳೋ ಕೆಲಸ ಮೊಬೈಲ್‌ಗೆ.

ನಾಲ್ಕು ಬದಿ ಗೊತ್ತಿದ್ದರೂ ವಿಸ್ತೀರ್ಣ ಸಿಗಲ್ಲ, ಚೌಕಟ್ಟು ಓರೆ ಆಗಬಹುದಲ್ಲ. ಒಂದು ಕರ್ಣ ಬೇಕು. ನಡುವೆ ಕಟ್ಟಡ ಇರೋದರಿಂದ ಟೇಪು ಹೋಗಲ್ಲ. ಸಿ ಮೂಲೆ ಕೆಟ್ಟಿದೆ, ಹಾಗಾಗಿ ಬಿ-ಡಿ ಕರ್ಣವನ್ನು ಮೊಬೈಲ್ ಪಾಯಿಂಟ್‌ಗಳಿಂದ ಅಳೆದು ಹೇಳಿ.

ಚಾಕ್‌ಪೀಸ್
ಬಿ-ಡಿ 149.0. ಆದರೆ ಇದರಲ್ಲೂ ಎರಡು ಮೂರು ಮೀಟರ್ ತಪ್ಪಿರಬಹುದಲ್ಲ? ಮತ್ತೆ ಅಲ್ಲಿಗೇ ಬಂದ ಹಾಗಾಯ್ತು.

ಅಳತೆಗೋಲು
ತಪ್ಪಿರಬಹುದು. ಬಹುಶಃ ತಪ್ಪಿದೆ ಕೂಡ. ಆದರೂ ಲೆಕ್ಕ ಮಾಡಿ ನೋಡಿ. ಎರಡು ತ್ರಿಕೋನ, ನಿಮ್ಮ ಮಕ್ಕಳಿಗೆ ಹೆರಾನ್ ಸೂತ್ರ ಹೇಳಿಕೊಡೋಕೆ ಇದೇ ನೆಪ ಆಗಲಿ.

```
s = (a + b + c) / 2
A = sqrt(s * (s-a) * (s-b) * (s-c))
```

ಮೊದಲ ತ್ರಿಕೋನ 121.5, 80.3, 149.0. ಇದರ ವಿಸ್ತೀರ್ಣ 4,871.9. ಎರಡನೆಯದು 82.4, 122.6, 149.0. ಅದು 5,050.2. ಒಟ್ಟು 9,922.

ಈಗ ಕರ್ಣವನ್ನು ಬೇಕಂತಲೇ 146.7 ಮಾಡಿ, ಅಂದರೆ 2.3 ಮೀಟರ್ ಕಡಿಮೆ. 4,877.6 ಮತ್ತು 5,050.6, ಒಟ್ಟು 9,928. ಕರ್ಣ ಎರಡು ಮೀಟರಿಗಿಂತ ಜಾಸ್ತಿ ಬದಲಾಯ್ತು, ವಿಸ್ತೀರ್ಣ ಆರೇ ಆರು ಚದರ ಮೀಟರ್ ಅಲ್ಲಾಡಿತು.

ಯಾಕೆ ಅಂದರೆ, ನಾಲ್ಕು ಕಡ್ಡಿಗೆ ಮೂಲೆಯಲ್ಲಿ ಮೊಳೆ ಹೊಡೆದು ಚೌಕಟ್ಟು ಮಾಡಿ ಒತ್ತಿ ನೋಡಿ. ಪೂರ್ತಿ ಚಪ್ಪಟೆ ಆದಾಗ ಒಳಗಿನ ಜಾಗ ಸೊನ್ನೆ. ನೆಟ್ಟಗೆ ನಿಂತಾಗ ಅತಿ ಹೆಚ್ಚು. ಆ ತುದಿಯ ಹತ್ತಿರ ಇರುವಾಗ ಸ್ವಲ್ಪ ಅತ್ತಿತ್ತ ತಳ್ಳಿದರೆ ಜಾಗ ಬದಲಾಗೋದೇ ಇಲ್ಲ ಅನ್ನಬಹುದು. ನಿಮ್ಮ ಆವರಣ ಆ ತುದಿಯಲ್ಲೇ ಇದೆ. ಬದಲಿಗೆ ನಾಲ್ಕು ಮೂಲೆಯನ್ನೂ ಬರೀ ಮೊಬೈಲ್‌ನಿಂದ ತಗೊಂಡು, ಒಂದೊಂದೂ ಬೇರೆ ಬೇರೆ ದಿಕ್ಕಿಗೆ ಎರಡು ಮೀಟರಿನಷ್ಟು ತಪ್ಪುತ್ತೆ ಅಂದುಕೊಳ್ಳಿ, ಇಷ್ಟೇ ದೊಡ್ಡ ಜಾಗಕ್ಕೆ ಸುಮಾರು 200 ಚದರ ಮೀಟರ್ ಆಚೀಚೆ ಆಗುತ್ತೆ. ಅದಕ್ಕೇ ಟೇಪು ಕೈಗೆ ಕೊಟ್ಟದ್ದು.

ಹುಷಾರು, ಇದು ಬದಿ ನೇರ ಇದ್ದು ಮೂಲೆ 90 ಡಿಗ್ರಿ ಹತ್ತಿರ ಇದ್ದಾಗ ಮಾತ್ರ. ವಾಲಿದ ಚೌಕಟ್ಟಿಗೆ ಕರ್ಣದ ತಪ್ಪು ನೇರವಾಗಿ ವಿಸ್ತೀರ್ಣಕ್ಕೆ ಹೊಡೆಯುತ್ತೆ.

ಎರಡುಹೆಜ್ಜೆ
ಹಾಗಾದರೆ ನನ್ನ ಬಿಲ್ಲು?

ಅಳತೆಗೋಲು
ನಿಮ್ಮದಕ್ಕೆ ಇದು ಹೊಂದಲ್ಲ. ಬಾಗಿದ ಬದಿಯ ಎರಡು ತುದಿಗೆ ದಾರ ಕಟ್ಟಿ, ಐದೈದು ಮೀಟರಿಗೆ ದಾರದಿಂದ ಗೋಡೆಗೆ ನೇರ ಎಷ್ಟು ಅಂತ ಟೇಪಿನಲ್ಲಿ ಅಳೆಯಿರಿ. ತುದಿಗಳಲ್ಲಿ ಅದು ಸೊನ್ನೆ ಆದ್ದರಿಂದ ಎಲ್ಲ ಕೂಡಿಸಿ 5ರಿಂದ ಗುಣಿಸಿದರೆ ಬಿಲ್ಲಿನ ಒಳಗಿನ ಜಾಗ ಸಾಕಷ್ಟು ಸರಿಯಾಗಿ ಸಿಗುತ್ತೆ.

ಕೆಂಚ
ನನ್ನ ಎರಡು ನಿಮಿಷದ ದಾರಿಗೆ ಬರ್ತೀನಿ ಅಂದ್ರಿ, ಬರಲೇ ಇಲ್ಲ.

ಚಾಕ್‌ಪೀಸ್
ಅದನ್ನು ನಾನೇ ಮಾಡಿ ನೋಡಿದೆ. 10,150 ಬಂತು.

ಅಳತೆಗೋಲು
ಎಲ್ಲಿ ಜಾಸ್ತಿ ಆಯ್ತು ಅಂತ ನೋಡೋಕೆ ಸುಲಭ. ಅದರಲ್ಲೂ ನಾಲ್ಕು ಬದಿ ಅಳೆದು ಟೇಪಿನ ಜೊತೆ ಹೋಲಿಸಿ.

ಚಾಕ್‌ಪೀಸ್
ಹೋಲಿಸಿದೆ. ಬಿ-ಸಿ, ಡಿ-ಎ ಎರಡೂ ಎರಡು ಮೀಟರಿನಷ್ಟು ಉದ್ದ. ದೊಡ್ಡದು ಮಾಡಿ ನೋಡಿದರೆ ಎ-ಬಿ ಗೋಡೆ ಕಾಣೋದೇ ಇಲ್ಲ, ಪೂರ್ತಿ ಮರದ ನೆತ್ತಿ. ಮರ ಗೋಡೆಯಿಂದ ಹೊರಗೆ ಚಾಚಿದೆ, ನಾನು ಎಲೆಯ ಅಂಚಿಗೆ ಗೆರೆ ಎಳೆದಿದ್ದೆ.

ಕೆಂಚ
ಮರದ್ದು ತಪ್ಪು, ನನ್ನದಲ್ಲ.

ಅಳತೆಗೋಲು
ಮರ ಇಲ್ಲದ ಆವರಣಕ್ಕೆ ಕೆಂಚ ಅವರ ದಾರಿಯೇ ನನ್ನ ಮೊದಲ ಆಯ್ಕೆ, ಇದನ್ನು ವ್ಯಂಗ್ಯಕ್ಕೆ ಹೇಳ್ತಿಲ್ಲ. ಗೋಡೆಯ ಬುಡ ಚಿತ್ರದಲ್ಲಿ ಕಾಣಬೇಕು ಅಷ್ಟೆ. ಕಟ್ಟಡವೇ ಗಡಿ ಆಗಿರೋ ಕಡೆ ಛಾವಣಿಯ ಅಂಚು ಹಿಡೀಬೇಡಿ. ಚಿತ್ರ ಓರೆಯಾಗಿ ತೆಗೆದಿರುತ್ತೆ, ಛಾವಣಿ ಬುಡಕ್ಕಿಂತ ಪಕ್ಕಕ್ಕೆ ಸರಿದು ಕಾಣುತ್ತೆ.

ಹೊಸಮನೆ
ಈ 9,922 ತೋರಿಸಿದರೆ ಪಕ್ಕದ ಜಾಗದವರ ಜೊತೆ ಇರೋ ಗಡಿ ಜಗಳಕ್ಕೆ ಆಗುತ್ತಾ? ನಮ್ಮಲ್ಲೂ ಒಂದಿದೆ.

ಅಳತೆಗೋಲು
ಆಗಲ್ಲ. ಗಡಿ ಜಗಳದಲ್ಲಿ ಕೇಳೋದು ಜಾಗ ಎಷ್ಟಿದೆ ಅಂತ ಅಲ್ಲ, ಗೆರೆ ಎಲ್ಲಿದೆ ಅಂತ. ನಮ್ಮ ಆಕಾರ ಇಡಿಯಾಗಿ ನಾಲ್ಕು ಮೀಟರ್ ಸರಿದು ಕೂತಿದ್ದರೂ ನಮಗೆ ಗೊತ್ತೇ ಆಗಲ್ಲ. ಅದಕ್ಕೆ ಸರ್ವೆಯವರೇ ಬೇಕು.

ಚಾಕ್‌ಪೀಸ್
ಮಕ್ಕಳು ಹೆರಾನ್ ಲೆಕ್ಕ ಮಾಡಿ ಮುಗಿಸಿದರು, ಇಬ್ಬರಿಗೆ ಬಿಟ್ಟು ಎಲ್ಲರಿಗೂ 9,922 ಬಂತು. ಕಾಗದದ 9,915ಕ್ಕೆ ಏಳು ಚದರ ಮೀಟರ್ ಅಷ್ಟೇ ವ್ಯತ್ಯಾಸ ಅಂತ ಖುಷಿಪಟ್ಟೆ. ಆಗ ಹಿಂದಿನ ಬೆಂಚಿನ ಒಬ್ಬಳು ಎದ್ದು ಕೇಳಿದಳು, "ಮಿಸ್, ನಾವು ಟೇಪು ಹಿಡಿದದ್ದು ಗೋಡೆಯ ಒಳಮೈಗೆ. ಗೋಡೆ ಶಾಲೆಯದಲ್ವಾ?" ಗೋಡೆ ದಪ್ಪ ಅಳೆದರೆ 0.3 ಮೀಟರ್. ಸುತ್ತಳತೆ 407.

ಅಳತೆಗೋಲು
122 ಚದರ ಮೀಟರ್! ನಾನೂ ಕೇಳಲೇ ಇಲ್ಲ ನೋಡಿ.

ನೀಲಿಚುಕ್ಕೆ
ಗೋಡೆಯ ನಡುಮಧ್ಯ ಹಿಡಿಯೋದು ವಾಡಿಕೆ. 61 ಸೇರಿಸಿ.

ಅಳತೆಗೋಲು
ಎರಡು ಜಾಗದವರು ಸೇರಿ ಕಟ್ಟಿಸಿದ ಗೋಡೆ ಆದರೆ ಹಾಗಿರಬಹುದು. ಶಾಲೆಯೇ ತನ್ನ ಜಾಗದಲ್ಲಿ ಕಟ್ಟಿಸಿದ್ದರೆ ಹೊರಮೈ. ಕಾಗದದಲ್ಲಿ ಅಳತೆ ಗೋಡೆ ಕಟ್ಟುವ ಮುಂಚಿನದೋ ಆಮೇಲಿನದೋ ನೋಡಿದ್ರಾ?

ಚಾಕ್‌ಪೀಸ್
ಕಾಗದದಲ್ಲಿ ಗೋಡೆ ಅನ್ನೋ ಮಾತೇ ಇಲ್ಲ, ನಾಲ್ಕು ಮೂಲೆಗೆ ಕಲ್ಲು ಅಂತಿದೆ. ಡಿ ಮೂಲೆಯಲ್ಲಿ ಗೋಡೆಯ ಹೊರಗೆ ಪೊದೆಯೊಳಗೆ ಒಂದು ಕಲ್ಲು ಕಂಡಿದೆ. ಉಳಿದ ಮೂರನ್ನು ಹುಡುಕೋಕೆ ಶನಿವಾರ ಕ್ಲಾಸ್ ಮುಗಿದ ಮೇಲೆ ಹೋಗ್ತೀವಿ.